ತೊಂಬತ್ತೇಳರಲ್ಲಿ ನಿಂತ ಗೆರೆ

ಹೊಸಕೋಟೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಭಾಗದ ಮೇಷ್ಟ್ರು ನಾನು. ಇಪ್ಪತ್ತೈದು ವರ್ಷದಿಂದ ಅದೇ ಕೊಠಡಿ, ಅದೇ ಬೋರ್ಡು. ಎರಡನೇ ವರ್ಷದ ಮಕ್ಕಳಿಗೆ ಒಂದು ಪಾಠವನ್ನು ಮಾತ್ರ ನಾನು ಯಾವಾಗಲೂ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಿದ್ದೆ. "ಆಕ್ಸಿಲರೇಟರ್ ಪೂರ್ತಿ ತುಳಿದೇ ಇದ್ದೀರಿ. ಇಂಜಿನ್ನು ಕೊಡೋದನ್ನೆಲ್ಲ ಕೊಡ್ತಾನೇ ಇದೆ. ಆದ್ರೂ ಗಾಡಿ ಒಂದು ಸ್ಪೀಡಿಗೆ ಬಂದು ನಿಂತ್ಬಿಡುತ್ತಲ್ಲ, ಯಾಕೆ?"

ಮಕ್ಕಳು ತೋಚಿದ್ದು ಹೇಳುತ್ತಾರೆ. ಪೆಟ್ರೋಲ್ ಸಾಲದು ಅನ್ನುತ್ತಾರೆ, ಗೇರು ಸಾಲದು ಅನ್ನುತ್ತಾರೆ. ನಾನು ಅವರನ್ನು ಸ್ವಲ್ಪ ಹೊತ್ತು ಆಡಿಸಿ, ಆಮೇಲೆ ದೊಡ್ಡ ಮನುಷ್ಯನ ಹಾಗೆ ಸೀಮೆಸುಣ್ಣ ಎತ್ತಿಕೊಳ್ಳುತ್ತೇನೆ. ಇಂಜಿನ್ನಿನ ಪವರ್ ಬದಲಾಗದಿದ್ದರೆ ಚಕ್ರಕ್ಕೆ ಸಿಗುವ ಎಳೆತ ಅಂದರೆ ಆ ಪವರನ್ನು ವೇಗದಿಂದ ಭಾಗಿಸಿದಷ್ಟು. ವೇಗ ಎರಡರಷ್ಟಾದರೆ ಎಳೆತ ಅರ್ಧ. ಗಾಳಿಯ ತಡೆ ಇದಕ್ಕೆ ತದ್ವಿರುದ್ಧ: ವೇಗ ಎರಡರಷ್ಟಾದರೆ ಅದು ನಾಲ್ಕರಷ್ಟು. ಒಂದು ಇಳಿಯುತ್ತಾ ಬರುತ್ತದೆ, ಇನ್ನೊಂದು ಏರುತ್ತಾ ಬರುತ್ತದೆ. ಇವೆರಡರ ನಡುವೆ ಉಳಿದ ಎಳೆತದಲ್ಲಿ ಮಾತ್ರ ಗಾಡಿ ವೇಗ ಹೆಚ್ಚಿಸಿಕೊಳ್ಳಬೇಕು. ಎಳೆತವೂ ತಡೆಯೂ ಸಮವಾದ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಅದೇ ಗಾಡಿಯ ಗರಿಷ್ಠ ವೇಗ. ನೀವು ತಲೆಕೆಳಗಾಗಿ ನಿಂತರೂ ಅದು ಮುಂದೆ ಹೋಗುವುದಿಲ್ಲ.

ಇಷ್ಟು ಚೆನ್ನಾಗಿ ಪಾಠ ಮಾಡುವ ಮನುಷ್ಯ ಈ ಪಾಠವನ್ನು ತನ್ನ ಮನೆಯಲ್ಲೇ ಮರೆತ ಕಥೆ ಇದು. ಬರೆಯಲು ನನಗೇನೂ ಖುಷಿಯಿಲ್ಲ.

ನಮ್ಮೂರು ಜಡಿಗೇನಹಳ್ಳಿಯ ಆಚೆ, ಮಾಲೂರಿನ ಗಡಿಗೆ ಅಂಟಿಕೊಂಡ ಹಾಗಿದೆ. ಹಳೆಯ ಮನೆಯ ಒಂದು ಅರ್ಧದಲ್ಲಿ ನಾನು ಮತ್ತು ನನ್ನ ಹೆಂಡತಿ, ಇನ್ನೊಂದು ಅರ್ಧದಲ್ಲಿ ನನ್ನ ತಮ್ಮ, ಅವನ ಹೆಂಡತಿ. ನಮಗೆ ಮಕ್ಕಳಾಗಲಿಲ್ಲ. ನನ್ನವಳು ಮದುವೆಯಾಗಿ ಬಂದಾಗ ತಮ್ಮ ಹೈಸ್ಕೂಲಿನಲ್ಲಿದ್ದ. ಅವನ ಡಬ್ಬಿ ಕಟ್ಟಿದ್ದು, ಪರೀಕ್ಷೆಗೆ ಬೆಳಿಗ್ಗೆ ಎಬ್ಬಿಸಿದ್ದು, ಫೇಲಾದಾಗ ನನ್ನ ಹೊಡೆತ ತಪ್ಪಿಸಿದ್ದು, ಎಲ್ಲ ಅವಳೇ. ಓದು ಹತ್ತದೆ ಅವನು ಡ್ರೈವರ್ ಆದಾಗಲೂ ನಾನು ಮುಖ ಸಿಂಡರಿಸಿದೆ, ಅವಳು ವ್ಯಾನಿನ ಮುಂದೆ ನಿಂಬೆಹಣ್ಣು ಇಟ್ಟಳು.

ಅವನದು ಹಳೆಯ ಪೆಟ್ರೋಲ್ ವ್ಯಾನು. ಮೇಲೆ ಕ್ಯಾರಿಯರ್. ಬೆಳಿಗ್ಗೆ ಶಾಲೆ ಮಕ್ಕಳು, ಉಳಿದ ಹೊತ್ತು ಬಾಡಿಗೆ. ನಮ್ಮ ಕಾಲೇಜಿನ ಕೊನೆಯ ವರ್ಷದ ಮಕ್ಕಳ ಪ್ರಾಜೆಕ್ಟಿಗೆ ಒಂದು ಗಾಡಿ ಬೇಕಾಗಿತ್ತು. ಸೆಕೆಂಡಿಗೊಂದು ಸಲ ವೇಗ ಬರೆದಿಟ್ಟುಕೊಳ್ಳುವ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆಯನ್ನು ಮಕ್ಕಳೇ ಜೋಡಿಸಿದ್ದರು. ಉಪಗ್ರಹದಿಂದ ವೇಗ ಹಿಡಿದು, ಸಿಮ್ ಕಾರ್ಡಿನ ಮೂಲಕ ವಿಭಾಗದ ಕಂಪ್ಯೂಟರಿಗೆ ತಾನೇ ಕಳಿಸುವ ಪೆಟ್ಟಿಗೆ. ಅದನ್ನು ತಮ್ಮನ ವ್ಯಾನಿನ ಡ್ಯಾಶ್‌ಬೋರ್ಡಿನ ಕೆಳಗೆ ಅಂಟಿಸಿದೆ. ಹೊಸಕೋಟೆಯಿಂದ ಚೆನ್ನೈ ಕಡೆಗೆ ಹೋಗುವ ಹೊಸ ಎಕ್ಸ್‌ಪ್ರೆಸ್ ರಸ್ತೆ ನಮ್ಮ ಹೊಲಗಳ ಪಕ್ಕದಲ್ಲೇ ಮುಗಿದು ಬಿದ್ದಿತ್ತು, ಇನ್ನೂ ಉದ್ಘಾಟನೆಯಾಗಿರಲಿಲ್ಲ. ಊರಿನವರು ಅದರ ಮೇಲೆ ರಾಗಿ ತೆನೆ ಹರಡುತ್ತಿದ್ದರು, ಹುಡುಗರು ಬೈಕು ಕಲಿಯುತ್ತಿದ್ದರು. ಒಂದು ಭಾನುವಾರ ತಮ್ಮ ಖಾಲಿ ವ್ಯಾನನ್ನು ಅಲ್ಲಿ ಪೂರ್ತಿ ಓಡಿಸಿ ತೋರಿಸಿದ. ವೇಗ ನೂರ ಹನ್ನೆರಡಕ್ಕೆ ಬಂದು ನಿಂತಿತು. "ಇಷ್ಟೇ ಅಣ್ಣ ಇದರ ಕೈಲಾಗೋದು" ಅಂದ. ನಾನು ಪುಸ್ತಕದಲ್ಲಿ ನೂರ ಹನ್ನೆರಡು ಎಂದು ಬರೆದುಕೊಂಡೆ. ಆ ಸಂಖ್ಯೆ ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

ಆ ದಿನಗಳಲ್ಲಿ ನಾನು ಹೊಸಕೋಟೆಯ ಅಂಚಿನಲ್ಲಿ ಸಣ್ಣದೊಂದು ಮನೆ ಕಟ್ಟಿಸುತ್ತಿದ್ದೆ. ಎಲ್ಲ ಮುಗಿದು ಮೇಲಿನ ನೀರಿನ ಟ್ಯಾಂಕು ಮಾತ್ರ ಬಾಕಿ. ಮಾಲೂರಿನಿಂದ ಐನೂರು ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ತಂದೆವು. ಮರುದಿನ ತಮ್ಮ ಅದನ್ನು ವ್ಯಾನಿನ ಮೇಲೆ ಹೊಸಕೋಟೆಗೆ ಒಯ್ಯಬೇಕು. ಹಿಂದಿನ ಸಂಜೆ ಕ್ಯಾರಿಯರ್ ಮೇಲೆ ಅದನ್ನು ಕಟ್ಟಿದವನು ನಾನು.

ತಮ್ಮ ಹೇಳಿದ್ದ: "ಮಲಗ್ಸಿ ಕಟ್ಟಣ್ಣ. ನಿಲ್ಸಿದ್ರೆ ಗಾಳಿ ಹಿಡಿಯುತ್ತೆ, ವ್ಯಾನು ಎಳಿಯಲ್ಲ."

"ಮಲಗ್ಸಿದ್ರೆ ಉರುಳುತ್ತೆ. ಹೊಸಕೋಟೆಗೆ ಹೋಗೋಕೆ ಇದೇನು ರೇಸಾ?" ಅಂದೆ ನಾನು. ಗಾಳಿಯ ತಡೆಯ ಬಗ್ಗೆ ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದ ಮಹಾನುಭಾವ ಅಂದ ಮಾತು ಅದು.

ಕಟ್ಟುವುದರಲ್ಲಿ ನನಗೊಂದು ಹೆಮ್ಮೆ. ಹುಲ್ಲಿನ ಗಾಡಿ ಕಟ್ಟುವ ಗಂಟನ್ನು ನಮ್ಮಪ್ಪ ನನಗೆ ಮಾತ್ರ ಕಲಿಸಿದ್ದರು. ಎಳೆದಷ್ಟೂ ಬಿಗಿಯುವ ಗಂಟು. ನೈಲಾನ್ ಹಗ್ಗವನ್ನು ಉದ್ದಕ್ಕೂ ಅಡ್ಡಕ್ಕೂ ಸುತ್ತಿ, ಪ್ರತಿ ಮೂಲೆಗೂ ಆ ಗಂಟು ಹಾಕಿ, ಕಾಲು ಕೊಟ್ಟು ಎಳೆದೆ. ನನ್ನವಳು ಜಗಲಿಯ ಮೇಲೆ ಅವರೆಕಾಳು ಬಿಡಿಸುತ್ತಾ ಕೂತಿದ್ದಳು.

"ಆಯ್ತು ಬಿಡಿ, ಇನ್ನು ಅದನ್ನ ಬಿಚ್ಚೋಕೂ ನೀವೇ ಬರ್ಬೇಕು. ಟ್ಯಾಂಕಿನ ಜೊತೆ ವ್ಯಾನನ್ನೂ ಮನೆ ಮೇಲೆ ಇಟ್ಬಿಡೋಣ" ಅಂದಳು. ತಮ್ಮ ಗಹಗಹಿಸಿ ನಕ್ಕ. ನಾನೂ ನಕ್ಕೆ. ನಾವು ಮೂವರೂ ಒಟ್ಟಿಗೆ ನಕ್ಕಿದ್ದು ಅದೇ ಕೊನೆ.

ಮರುದಿನ ಪರೀಕ್ಷೆಯ ಕೆಲಸವಿದ್ದದ್ದರಿಂದ ಮೊದಲ ಬಸ್ಸಿಗೇ ಹೋದೆ. ಹತ್ತು ಗಂಟೆಯ ಹೊತ್ತಿಗೆ ತಮ್ಮನ ಫೋನು. "ಅಣ್ಣ, ಅತ್ತಿಗೆಗೆ ಎದೆ ಹಿಡ್ಕೊಂಡಿದೆ, ಬೆವರ್ತಾವ್ರೆ. ಆಂಬುಲೆನ್ಸು ಮುಕ್ಕಾಲು ಗಂಟೆ ಅಂತಾರೆ. ನಾನೇ ಕರ್ಕೊಂಡು ಬರ್ತಾ ಇದೀನಿ." ನಾನು ಮೇಲ್ವಿಚಾರಣೆ ಬಿಟ್ಟು, ಸಹೋದ್ಯೋಗಿಯೊಬ್ಬರ ಬೈಕಿನಲ್ಲಿ ಆಸ್ಪತ್ರೆಗೆ ಹೋಗಿ ಗೇಟಿನಲ್ಲಿ ನಿಂತೆ. ಒಳಗೆ ಹೇಳಿಟ್ಟೆ. ಸ್ಟ್ರೆಚರ್ ತರಿಸಿ ಬಾಗಿಲಲ್ಲಿ ನಿಲ್ಲಿಸಿಕೊಂಡೆ. ಆಮೇಲೆ ನನಗೆ ಮಾಡಲು ಇದ್ದ ಕೆಲಸ ಒಂದೇ, ರಸ್ತೆ ನೋಡುವುದು. ಕಾಯುವವನ ಗಡಿಯಾರದಲ್ಲಿ ಒಂದು ನಿಮಿಷ ಎಷ್ಟು ಉದ್ದ ಎಂದು ಆವತ್ತು ತಿಳಿದುಕೊಂಡೆ.

ವ್ಯಾನು ಬಂತು. ಅದರ ತಲೆಯ ಮೇಲೆ ಕಪ್ಪು ಟ್ಯಾಂಕು ಹಾಗೇ ನಿಂತಿತ್ತು. ನಾನು ಅದನ್ನು ನೋಡಿದೆ. ನೋಡಿದೆ ಎಂದರೆ ಕಣ್ಣಿಗೆ ಬಿತ್ತು, ಅಷ್ಟೇ. ಹಿಂದಿನ ಸೀಟಿನಲ್ಲಿ ತಮ್ಮನ ಹೆಂಡತಿ ನನ್ನವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನನ್ನವಳು ನನ್ನನ್ನು ಗುರುತಿಸಿದಳು. ಏನೋ ಹೇಳಲು ತುಟಿ ಅಲುಗಿತು. ಸ್ಟ್ರೆಚರ್ ಒಳಗೆ ಹೋದ ಹತ್ತು ನಿಮಿಷಕ್ಕೆ ಡಾಕ್ಟರು ಹೊರಗೆ ಬಂದರು. "ಸ್ವಲ್ಪ ಮುಂಚೆ ಬಂದಿದ್ರೆ ನೋಡಬಹುದಿತ್ತು" ಅಂದರು.

ಡಾಕ್ಟರುಗಳು ಹಾಗೆ ಹೇಳುತ್ತಾರೆ. ಅದರಲ್ಲಿ ಯಾರ ಮೇಲೂ ದೂರಿರುವುದಿಲ್ಲ. ನಾನು ಮಾತ್ರ ಆ 'ಸ್ವಲ್ಪ'ವನ್ನು ಹಿಡಿದುಕೊಂಡುಬಿಟ್ಟೆ. ಎಷ್ಟು ಸ್ವಲ್ಪ? ಆ ಸ್ವಲ್ಪ ಎಲ್ಲಿ ಹೋಯಿತು? ಯಾರು ಕಳೆದರು?

ತಿಥಿಗೆ ಎರಡು ದಿನ ಇರುವಾಗ ನಾನು ಕಾಲೇಜಿಗೆ ಹೋದೆ. ಎಲ್ಲರೂ ನನ್ನನ್ನು ನೋಡಿ ತಲೆ ತಗ್ಗಿಸಿದರು. ಕಂಪ್ಯೂಟರ್ ಮುಂದೆ ಕೂತು ಆ ದಿನದ ದಾಖಲೆ ತೆಗೆದೆ. ಪೆಟ್ಟಿಗೆ ತನ್ನ ಕೆಲಸ ಮಾಡಿತ್ತು. ಊರ ಬೀದಿಯ ತಿರುವುಗಳು, ಮಣ್ಣಿನ ರಸ್ತೆ, ಆಮೇಲೆ ಹೊಸ ರಸ್ತೆ ಹತ್ತಿದ ಕ್ಷಣ. ಅಲ್ಲಿಂದ ಗೆರೆ ಮೇಲಕ್ಕೇರುತ್ತದೆ. ನಲವತ್ತರ ಹತ್ತಿರ ಸೆಕೆಂಡಿಗೆ ನಾಲ್ಕು ಕಿಲೋಮೀಟರಿನಷ್ಟು ವೇಗ ಏರುತ್ತಿದೆ. ಅರವತ್ತರ ಹತ್ತಿರ ಎರಡು. ಎಂಬತ್ತಕ್ಕೆ ಒಂದೂ ಇಲ್ಲ. ತೊಂಬತ್ತರಲ್ಲಿ ಒಂದು ಕಿಲೋಮೀಟರ್ ಏರಲು ಮೂರು ಸೆಕೆಂಡು. ಆಮೇಲೆ ತೊಂಬತ್ತೇಳು. ಅಲ್ಲಿಂದ ಆರು ನಿಮಿಷ ಆ ಗೆರೆ ಮೇಜಿನ ಅಂಚಿನ ಹಾಗೆ ಚಪ್ಪಟೆ.

ನನಗೆ ಕಂಡದ್ದು ಇಷ್ಟು: ನೂರ ಹನ್ನೆರಡು ಓಡಬಲ್ಲ ವ್ಯಾನು, ಅದೇ ರಸ್ತೆ, ಖಾಲಿ ರಸ್ತೆ, ತೊಂಬತ್ತೇಳರಲ್ಲಿ ಓಡಿದೆ. ಶುರುವಿನಲ್ಲಿ ಗಡಿಬಿಡಿಯಿಂದ ತುಳಿದವನು ಬರುಬರುತ್ತಾ ಕಾಲು ಸಡಿಲಿಸಿದ್ದಾನೆ, ಆಮೇಲೆ ತನಗೆ ಹಿತವಾದ ವೇಗದಲ್ಲಿ ಆರಾಮಾಗಿ ಬಂದಿದ್ದಾನೆ. ಕಾರ್ಬ್ಯುರೇಟರಿನ ಹಳೇ ವ್ಯಾನು, ಪೆಡಲ್ ಎಷ್ಟು ತುಳಿದ ಎಂದು ಹೇಳುವ ಸೆನ್ಸರು ಅದರಲ್ಲಿಲ್ಲ. ಬೇಕಾಗಿಯೂ ಇರಲಿಲ್ಲ ನನಗೆ. ಗೆರೆ ಬಾಗಿದ್ದೇ ಸಾಕ್ಷಿ ಎಂದುಕೊಂಡೆ. ಪ್ರಿಂಟ್ ತೆಗೆದೆ. ಮಡಚಿ ಜೇಬಿಗೆ ಹಾಕಿಕೊಂಡೆ.

ತಿಥಿಯ ದಿನ ಊಟ ಮುಗಿದ ಮೇಲೆ, ನೆಂಟರೆಲ್ಲ ಚಪ್ಪರದ ಕೆಳಗೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ತಮ್ಮ ಎಲೆ ಎತ್ತಿ ಬಂದು ಕೈ ತೊಳೆಯುತ್ತಿದ್ದ. ನಾನು ಆ ಕಾಗದವನ್ನು ಅವನ ಮುಂದೆ ಬಿಡಿಸಿ ಹಿಡಿದೆ.

"ಇದೇನು ಹೇಳು. ನೂರಾ ಹನ್ನೆರಡು ಹೋಗೋ ವ್ಯಾನು ತೊಂಬತ್ತೇಳರಲ್ಲಿ ಯಾಕೆ ಬಂತು? ಇಂಜಿನ್ನು ಎಲ್ಲಿ ಕೆಡುತ್ತೋ ಅಂತ ಭಯವಾಯ್ತಾ ನಿನಗೆ? ನಿನ್ನ ಸಾಕಿದವಳು ಹಿಂದೆ ಸಾಯ್ತಾ ಇದ್ರೆ ಕಾಲು ಸಡಿಲ ಬಿಟ್ಕೊಂಡು ಬಂದೆಯಲ್ಲೋ."

ಚಪ್ಪರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ತಮ್ಮ ಕಾಗದ ನೋಡಿದ. ನನ್ನನ್ನು ನೋಡಿದ. ಅವನ ಹೆಂಡತಿ "ಭಾವ..." ಎಂದು ಮುಂದೆ ಬಂದಳು. ಅವನು ಅವಳ ಕೈ ಹಿಡಿದು ಹಿಂದಕ್ಕೆಳೆದ. ಒಂದು ಮಾತೂ ಆಡಲಿಲ್ಲ. ಆಡದಿದ್ದುದನ್ನೇ ನಾನು ಒಪ್ಪಿಗೆ ಎಂದು ತಿಳಿದೆ.

ಆ ತಿಂಗಳೇ ಅವನು ವ್ಯಾನು ಮಾರಿ, ಮನೆ ಬೀಗ ಹಾಕಿ, ಹೆಂಡತಿಯ ಊರಿನ ಹತ್ತಿರ ಸೂಲಿಬೆಲೆಗೆ ಹೋದ. ಒಂದು ಕಾರ್ಖಾನೆಯ ಬಸ್ಸಿಗೆ ಡ್ರೈವರ್ ಆದನೆಂದು ಕೇಳಿದೆ. ಹೋಗುವ ಮೊದಲು ಟ್ಯಾಂಕನ್ನು ನನ್ನ ಹೊಸ ಮನೆಯ ಮುಂದೆ ಇಳಿಸಿ ಹೋಗಿದ್ದ. ಅದರ ಮೇಲಿನ ಅಂಚಿನ ಹತ್ತಿರ ಉದ್ದಕ್ಕೆ ಒಂದು ಕೊಯ್ತ ಇತ್ತು. ಪ್ಲಂಬರು ಅದನ್ನು ತೋರಿಸಿ, "ಸಾರ್, ಹೊಸ ಟ್ಯಾಂಕಿಗೆ ಯಾರೋ ಚೆನ್ನಾಗಿ ಪೂಜೆ ಮಾಡವ್ರೆ" ಅಂದ. ಇಳಿಸುವಾಗ ಎಲ್ಲಿಗೋ ತಾಗಿಸಿದ್ದಾನೆ, ಸಿಟ್ಟು ತೀರಿಸಿಕೊಂಡಿದ್ದಾನೆ ಎಂದು ಅದನ್ನೂ ತಮ್ಮನ ಲೆಕ್ಕಕ್ಕೆ ಸೇರಿಸಿದೆ. ಪ್ಲಂಬರು ಅಂಟು ಮೆತ್ತಿ ಟ್ಯಾಂಕನ್ನು ಮೇಲಕ್ಕೇರಿಸಿದ. ಆ ಮನೆಗೆ ನಾನೊಬ್ಬನೇ ಒಕ್ಕಲು ಹೋದೆ.

ಎರಡು ವರ್ಷ ಹೀಗೇ ಹೋಯಿತು. ನಾನು ಆ ಪಾಠವನ್ನು ಬೇರೆ ಮೇಷ್ಟ್ರಿಗೆ ಬಿಟ್ಟುಕೊಟ್ಟಿದ್ದೆ. ಕೇಳಿದರೆ ಗಂಟಲು ಸರಿಯಿಲ್ಲ ಅನ್ನುತ್ತಿದ್ದೆ.

ಕಳೆದ ವರ್ಷ ಕೊನೆಯ ವರ್ಷದ ಹುಡುಗಿಯೊಬ್ಬಳು ಹಳೆಯ ಪ್ರಾಜೆಕ್ಟನ್ನು ಮುಂದುವರಿಸುತ್ತೇನೆಂದು ಬಂದಳು. ಅನುಗೊಂಡನಹಳ್ಳಿ ಕಡೆಯವಳು, ಕಡಿಮೆ ಮಾತು, ಲೆಕ್ಕದಲ್ಲಿ ಗಟ್ಟಿ. ಹಳೆಯ ದಾಖಲೆಗಳ ಫೋಲ್ಡರ್ ಕೊಟ್ಟು ಕಳಿಸಿದೆ. ಅದರಲ್ಲಿ ಆ ದಿನದ ಕಡತವೂ ಇದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಕಡತಗಳಿಗೆ ಹೆಸರಿರಲಿಲ್ಲ, ಬರೀ ಸಂಖ್ಯೆ. ಒಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು.

"ಸಾರ್, ಹದಿನೇಳನೇ ಫೈಲಲ್ಲಿ ಒಂದು ಡೌಟು. ಆ ರನ್ನಲ್ಲಿ ಗಾಡಿ ಮೇಲೆ ಏನಾದ್ರೂ ಕಟ್ಟಿದ್ರಾ?"

ಪರದೆಯ ಮೇಲೆ ಆ ಗೆರೆ. ನನ್ನ ಕೈಯಲ್ಲಿದ್ದ ಟೀ ಲೋಟವನ್ನು ಮೇಜಿನ ಮೇಲೆ ಇಟ್ಟೆ.

"ಯಾಕೆ ಹಾಗೆ ಕೇಳ್ತೀಯಮ್ಮ? ಡ್ರೈವರ್ ಕಾಲು ಸಡಿಲ ಮಾಡಿರಬಹುದಲ್ಲ."

"ಇಲ್ಲ ಸಾರ್, ಕಾಲು ತೆಗ್ದಿದ್ರೆ ಗೆರೆ ಮುರ್ದಿರ್ತಿತ್ತು. ಇದು ಮುರ್ದಿಲ್ಲ, ಬಾಗಿದೆ." ಅವಳು ಇನ್ನೊಂದು ಪುಟ ತೆರೆದಳು. "ಪ್ರತಿ ಸೆಕೆಂಡಿಗೂ ಪವರ್ ಲೆಕ್ಕ ಹಾಕಿದೆ ಸಾರ್. ಸ್ಪೀಡು ಹೆಚ್ಚಿಸೋಕೆ ಖರ್ಚಾಗಿದ್ದು, ಟೈರಿನ ತಡೆಗೆ ಹೋಗಿದ್ದು, ಗಾಳಿಗೆ ಹೋಗಿದ್ದು, ಮೂರೂ ಕೂಡಿಸ್ದೆ. ಗೇರ್ ಹಾಕೋವಾಗ ಒಂದೊಂದು ಕ್ಷಣ ಬೀಳುತ್ತೆ, ಅಷ್ಟೇ. ಉಳಿದಂಗೆ ನೋಡಿ, ಮೊದ್ಲಿಂದ ಕೊನೆವರ್ಗೂ ಒಂದೇ ಸಮ ಇದೆ. ಖಾಲಿ ಗಾಡಿ ನೂರಾ ಹನ್ನೆರಡು ಓಡಿದ ದಿನ ಎಷ್ಟು ಪವರೋ ಇಲ್ಲೂ ಅಷ್ಟೇ. ಒಂದ್ಚೂರೂ ಕಮ್ಮಿ ಇಲ್ಲ. ಆದ್ರೆ ಗಾಳಿ ತಡೆಯ ಸಂಖ್ಯೆಯೊಂದನ್ನೇ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಮಾಡಿದ್ರೆ ಮಾತ್ರ ಹೀಗೆ ಕೂರುತ್ತೆ. ಅದಕ್ಕೇ ಕೇಳ್ದೆ, ಮೇಲೆ ಏನಿತ್ತು ಅಂತ."

ಅವಳೇ ಮುಂದುವರಿಸಿದಳು. ಆ ಹೊರೆ ಇಟ್ಟುಕೊಂಡು ನೂರ ಹನ್ನೆರಡು ಓಡಬೇಕಾದರೆ ಇಂಜಿನ್ನು ಹೆಚ್ಚುಕಡಿಮೆ ಒಂದೂವರೆಯಷ್ಟು ದೊಡ್ಡದಾಗಿರಬೇಕಿತ್ತು ಸಾರ್ ಎಂದಳು. ಗೇರುಗಳನ್ನು ಇಂಜಿನ್ನು ಕಿರುಚುವವರೆಗೂ ಎಳೆದಿದ್ದಾನೆ, ಆರು ನಿಮಿಷ ಕಾಲು ಎತ್ತಿಲ್ಲ ಎಂದಳು. ಆಮೇಲೆ, ಯಾರನ್ನೋ ಮೆಚ್ಚಿಕೊಳ್ಳುವ ದನಿಯಲ್ಲಿ, "ಯಾರೋ ಪಾಪ, ಗಾಡಿಯಲ್ಲಿ ಇದ್ದಿದ್ದನ್ನೆಲ್ಲ ಹಿಂಡವ್ರೆ ಸಾರ್" ಎಂದಳು.

ಸಮ ಪವರಿನಲ್ಲಿ ಓಡುವ ಗಾಡಿಯ ವೇಗದ ಗೆರೆ ಹೀಗೇ ಬಾಗುತ್ತದೆ. ನಾಲ್ಕು, ಎರಡು, ಒಂದು, ಒಂದರ ಮೂರನೇ ಭಾಗ, ಆಮೇಲೆ ಸೊನ್ನೆ. ಇಪ್ಪತ್ತೆರಡು ವರ್ಷ ಪ್ರತಿ ವರ್ಷ ನಾನು ಕೈಯಾರೆ ಬೋರ್ಡಿನ ಮೇಲೆ ಎಳೆದ ಗೆರೆ ಅದು. ಪರೀಕ್ಷೆಯಲ್ಲಿ ಅದನ್ನು ಗುರುತಿಸದವರಿಗೆ ನಾನೇ ಸೊನ್ನೆ ಕೊಟ್ಟಿದ್ದೇನೆ. ನನ್ನ ತಮ್ಮ ಅದನ್ನು ಕಾಲಿನಲ್ಲಿ ಎಳೆದಾಗ ನನಗೆ ಗುರುತು ಸಿಗಲಿಲ್ಲ.

ಹುಡುಗಿ ಹೋದ ಮೇಲೆ ಒಂದು ಹಾಳೆ ತೆಗೆದುಕೊಂಡೆ. ಅಷ್ಟು ದಿನ ನಾನು ಮಾಡದೇ ಇದ್ದ ಇನ್ನೊಂದು ಸಣ್ಣ ಲೆಕ್ಕವಿತ್ತು. ಮೂರನೇ ತರಗತಿಯಲ್ಲಿ ಭಾಗಾಕಾರ ಕಲಿತ ಮಗು ಮಾಡುವ ಲೆಕ್ಕ. ಹೊಸ ರಸ್ತೆಯ ಮೇಲೆ ಅವನು ಬಂದದ್ದು ಸುಮಾರು ಹತ್ತು ಕಿಲೋಮೀಟರ್. ತೊಂಬತ್ತೇಳರಲ್ಲಿ ಬಂದರೆ ಎಷ್ಟು ಹೊತ್ತು, ನೂರ ಹನ್ನೆರಡರಲ್ಲಿ ಬಂದರೆ ಎಷ್ಟು ಹೊತ್ತು, ಕಳೆದು ನೋಡಿದೆ. ಐವತ್ತು ಸೆಕೆಂಡು.

ನನ್ನ ದೂರು ಪೂರ್ತಿ ನಿಜವಾಗಿದ್ದರೂ ಅದರ ತೂಕ ಐವತ್ತು ಸೆಕೆಂಡು. ಅಷ್ಟಕ್ಕಾಗಿ ಎರಡು ವರ್ಷ ತಮ್ಮನ ಮುಖ ನೋಡಲಿಲ್ಲ. ಆ ಐವತ್ತು ಸೆಕೆಂಡನ್ನೂ ಕಟ್ಟಿ ಮೇಲಿಟ್ಟವನು ನಾನೇ. ಸ್ಟಾಫ್ ರೂಮಿನಲ್ಲಿ ಬೇರೆಯವರು ಇದ್ದರು. ನಾಚಿಕೆಯಿಲ್ಲದೆ ಅತ್ತೆ.

ಮರುದಿನ ರಜೆ ಹಾಕಿ ಸೂಲಿಬೆಲೆ ಬಸ್ಸು ಹತ್ತಿದೆ. ಕಾರ್ಖಾನೆಯ ಬಸ್ಸು ಸಂತೆ ಮೈದಾನದ ಬಳಿ ನಿಲ್ಲುತ್ತದೆಂದು ಕೇಳಿ ತಿಳಿದುಕೊಂಡೆ. ತಮ್ಮ ಬಕೆಟ್ ನೀರು ಇಟ್ಟುಕೊಂಡು ಮುಂದಿನ ಗಾಜು ಒರೆಸುತ್ತಿದ್ದ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಬಟ್ಟೆ ಹಿಂಡಿದ, ಹಿಂಡುತ್ತಲೇ ಇದ್ದ.

ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. "ಟ್ಯಾಂಕು" ಅಂದೆ.

ಅವನು ತಲೆಯಾಡಿಸಿದ. "ಈಗ ಗೊತ್ತಾಯ್ತಾ?"

"ನಿನಗೆ ಗೊತ್ತಿತ್ತಾ?"

"ಕಾಲು ಪೂರ್ತಿ ಕೆಳಗಿತ್ತು ಕಣಣ್ಣ. ಪೆಡಲ್ಲು ಬಗ್ಗೋಗುತ್ತೇನೋ ಅನ್ನಂಗೆ ತುಳೀತಿದ್ದೆ. ತೊಂಬತ್ತು ಆದ್ಮೇಲೆ ಯಾರೋ ಹಿಂದಿಂದ ಹಿಡ್ಕೊಂಡಂಗೆ. ಮೇಲೆ ಗಾಳಿ ಹುಯ್ಯೋ ಅಂತಿತ್ತು. ಡ್ರೈವರ್‌ಗೆ ಗೊತ್ತಾಗಲ್ವ ಅದು?"

"ಮತ್ತೆ ಆವತ್ತು ಚಪ್ಪರದಲ್ಲಿ ಯಾಕೆ ಹೇಳಲಿಲ್ಲ?"

ಅವನು ಬಟ್ಟೆಯನ್ನು ಬಕೆಟಿನ ಅಂಚಿಗೆ ಹಾಕಿದ.

"ಏನಂತ ಹೇಳ್ಲಿ? ನೀನು ಕಟ್ಟಿದ್ದ ಟ್ಯಾಂಕು ಅಂತಾನಾ? ನೆಂಟ್ರೆಲ್ಲ ಕೂತವ್ರೆ. ಆಗ್ಲೇ ಅರ್ಧ ಸತ್ತಿದ್ದೆ ನೀನು, ಅದೊಂದು ಹೇಳಿದ್ರೆ ಬದುಕ್ತಿದ್ದಾ? ಮೊದ್ಲು ನಿನ್ಗೋಸ್ಕರ ಸುಮ್ನಿದ್ದೆ." ಅವನ ದನಿ ಗಡುಸಾಯಿತು. "ಆಮೇಲೆ ನಿನ್ ಮೇಲಿನ ಸಿಟ್ಟಿಗೆ ಸುಮ್ನಿದ್ದೆ. ಅತ್ತಿಗೆ ಹಿಂದೆ ಇರುವಾಗ ನಾನು ಕಾಲು ಎತ್ತೀನಿ ಅಂತ ಅಂದ್ಕೊಂಡ್ಯಲ್ಲ ನೀನು. ಊರೋರು ಅಂದ್ರೆ ಅಂದ್ರು ಅನ್ಬೋದಿತ್ತು. ನೀನು ಅಂದೆ."

ನಾನು ಅವನ ಕೈ ಹಿಡಿಯಲು ಹೋದೆ. ಒದ್ದೆ ಕೈ. ಅವನು ಎಳೆದುಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

"ಬಿಚ್ಚೋಕೆ ನೋಡಿದ್ಯಾ?" ಎಂದು ಕೇಳಿದೆ. ಏಕೆ ಕೇಳಿದೆನೋ.

"ನೋಡ್ದೆ ಇರ್ತೀನಾ? ಇವಳು ಅತ್ತಿಗೇನ ಒಳಗೆ ಕೂರಿಸೋವಷ್ಟರಲ್ಲಿ ಕುಡುಗೋಲು ತಗೊಂಡು ಮೇಲೆ ಹತ್ತಿದ್ದೆ. ಎಷ್ಟು ಸುತ್ತು ಸುತ್ತಿದ್ಯೋ ಮಾರಾಯ. ಒಂದು ಕುಯ್ದ್ರೆ ಇನ್ನೊಂದು ಬಿಗಿಯುತ್ತೆ. ಮೂರು ಸುತ್ತು ಕುಯ್ದೆ. ಅಷ್ಟರಲ್ಲಿ ಅತ್ತಿಗೇನೇ ಒಳಗಿಂದ ಕೂಗಿದ್ರು."

"ಏನಂತ?"

ಅವನು ಮುಖ ಆ ಕಡೆ ತಿರುಗಿಸಿಕೊಂಡ. "'ಬಿಡಪ್ಪಾ, ನಿಮ್ಮಣ್ಣ ಹಾಕಿದ ಗಂಟು ಅದು, ಬಿಚ್ಚಲ್ಲ. ಹೊರಡು' ಅಂದ್ರು. ನಗ್ತಾ ಇದ್ರು ಕಣಣ್ಣ. ಆ ನೋವಲ್ಲೂ ನಗ್ತಾ ಇದ್ರು."

ಶಿಫ್ಟಿನ ಹೊತ್ತಾಗಿತ್ತು. ಕೆಲಸದವರು ಒಬ್ಬೊಬ್ಬರಾಗಿ ಬಂದು ಬಸ್ಸು ಹತ್ತಿದರು. ಮನೆಗೆ ಬಾ ಎಂದು ಕರೆದೆ. "ನೋಡನ" ಅಂದ. ಅದು ಬರ್ತೀನಿ ಅಂತಲ್ಲ, ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಸ್ಸು ಹೊರಟಿತು. ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ವೇಗ ಕೂಡಿಸಿಕೊಳ್ಳುತ್ತಾ ಹೋಯಿತು. ತಿರುವಿನಲ್ಲಿ ಕಾಣೆಯಾಗುವವರೆಗೆ ಅವನು ಕನ್ನಡಿಯಲ್ಲಿ ನೋಡಿದನೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡದೆ ಏಣಿ ಹತ್ತಿದೆ. ಇಳಿಬಿಸಿಲಿಗೆ ಟ್ಯಾಂಕು ಕಾದಿತ್ತು. ಎರಡು ವರ್ಷ ನಾನು ಅದರ ನೀರು ಕುಡಿದಿದ್ದೆ, ಸ್ನಾನ ಮಾಡಿದ್ದೆ, ಅವಳ ಫೋಟೊದ ಮುಂದಿನ ಲೋಟಕ್ಕೆ ದಿನವೂ ತುಂಬಿಸಿದ್ದೆ. ಮೇಲಿನ ಅಂಚಿನ ಬಳಿ ಪ್ಲಂಬರು ಮೆತ್ತಿದ ಅಂಟು ಬಿಸಿಲಿಗೆ ಒಣಗಿ ಬಿರಿದಿತ್ತು. ಉಗುರಿನಿಂದ ಕೆರೆದೆ, ಚೂರು ಚೂರಾಗಿ ಉದುರಿತು. ಕೆಳಗಿನ ಕೊಯ್ತ ಕಂಡಿತು. ಒಂದಲ್ಲ, ಒಂದರ ಮೇಲೊಂದು ಮೂರು, ಕುಡುಗೋಲಿನ ಬಾಯಷ್ಟೇ ತೆಳ್ಳಗೆ. ಹಗ್ಗ ಕಡಿದು ಪ್ಲಾಸ್ಟಿಕ್ಕಿಗೆ ತಾಗಿದ ಏಟುಗಳು. ತಾಗಿಸಿದ್ದಾನೆ, ಸಿಟ್ಟು ತೀರಿಸಿಕೊಂಡಿದ್ದಾನೆ ಎಂದು ನಾನು ಬೈದುಕೊಂಡಿದ್ದ ಗುರುತು.

ಬೆರಳಿಟ್ಟು ನೋಡಿದೆ. ಮೊದಲನೆಯದು ಆಳವಾಗಿತ್ತು. ಎರಡನೆಯದು ಅದಕ್ಕಿಂತ ಕಡಿಮೆ. ಮೂರನೆಯದು ಬರೀ ಗೀರು. ಅಲ್ಲಿಗೆ ಅವಳು ಹೊರಡು ಎಂದಿದ್ದಳು.